ಸ್ಟುಡಿಯೊದಲ್ಲಿ ಅಳಿಸಿಹೋದ ದ್ವೀಪ

ಕೋಕಿಲಾ ಅವರ ಊಟದ ಮೇಜಿನ ಮೇಲೆ ಯಾರಾದರೂ ಊಟ ಮಾಡಿ ವರ್ಷಗಳಾದವು. ಕಾಕ್ಸ್ ಟೌನಿನ ಆ ಫ್ಲ್ಯಾಟಿನಲ್ಲಿ ಅವರೊಬ್ಬರೇ ಇರುವುದು. ತಟ್ಟೆ ಹಿಡಿದು ಬಾಲ್ಕನಿಗೆ ಹೋಗುತ್ತಾರೆ. ಮೇಜಿನ ತುಂಬ ಭೂತಗನ್ನಡಿ, ಅಳತೆಪಟ್ಟಿ, ಸುರುಳಿ ಸುತ್ತಿದ ನಕಾಶೆಗಳು, ಒಂದು ಲ್ಯಾಪ್‌ಟಾಪ್.

ಅವರು ಓದಿದ್ದು ಭೂವಿಜ್ಞಾನ. ವಿಮಾ ಕಂಪನಿಯಲ್ಲಿ ಗುಮಾಸ್ತರಾಗಿದ್ದ ತಂದೆ ವೆಂಕಟಸುಬ್ಬಯ್ಯನವರಿಗೆ ಮಗಳು ಬ್ಯಾಂಕ್ ಪರೀಕ್ಷೆ ಬರೆಯಲಿ ಎಂಬ ಆಸೆಯಿತ್ತು. ಮಗಳು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ, ವಿಮಾನದಿಂದ ತೆಗೆದ ಚಿತ್ರಗಳನ್ನು ಓದುವ ವಿಭಾಗಕ್ಕೆ ಸೇರಿದರು. ನಿವೃತ್ತಿಯವರೆಗೂ ಅದೇ ಕೆಲಸ. ಹೆಚ್ಚಿನ ಪಾಲು ಕರಾವಳಿಯದು: ಎಲ್ಲಿ ತೀರ ಕೊಚ್ಚಿಹೋಗುತ್ತಿದೆ, ಎಲ್ಲಿ ಮರಳು ಕೂಡುತ್ತಿದೆ, ಯಾವ ಬಂಡೆ ಎಲ್ಲಿಯವರೆಗೆ ನೀರಿಗಿಳಿದಿದೆ. ಈಗ ವಾರದಲ್ಲಿ ಕೆಲವು ದಿನ ಇಂದಿರಾನಗರದ ಒಂದು ಸಣ್ಣ ಕಚೇರಿಗೆ ಹೋಗುತ್ತಾರೆ. ಸುದ್ದಿಯಾಗಿ ಹರಿದಾಡುವ ಫೋಟೊಗಳು ಹೇಳಿದ ಊರಿನವೇ ಹೌದೇ ಎಂದು ಅಲ್ಲಿ ಪರೀಕ್ಷಿಸುತ್ತಾರೆ. ಮುಳುಗಿದ ದೋಣಿ, ದಡಕ್ಕೆ ಬಿದ್ದ ತಿಮಿಂಗಿಲ, ಬಿರುಗಾಳಿಗೆ ಹಾರಿದ ಸೂರು. ಸಮುದ್ರ ಕಂಡರೆ ಅದು ಕೋಕಿಲಾ ಅವರ ಪಾಲು.

ಆ ಕಚೇರಿಗೆ ನೀರಿನ ಕ್ಯಾನು ಹಾಕುವವನು ಕೆಂಪರಾಜ್. ಕೆ.ಆರ್. ಪುರದ ಕಡೆಯವನು. ಒಮ್ಮೆ ಕ್ಯಾನು ಇಳಿಸಿ, ಹೋಗದೆ ನಿಂತ.

"ಮೇಡಂ, ಫೋಟೊ ನೋಡಿ ಜಾಗ ಹೇಳ್ತೀರಂತೆ. ನಮ್ಮಮ್ಮನ್ನ ಒಂದ್ಸಲ ನಿಮ್ ಹತ್ರ ಕರ್ಕೊಂಡ್ ಬರ್ಲಾ? ಒಂದ್ ಫೋಟೊ ಹಿಡ್ಕೊಂಡು ಆ ಜಾಗ ಹುಡುಕ್ಬೇಕು ಅಂತಾರೆ. ಆಗಲ್ಲ ಅಂದ್ರೂ ಪರ್ವಾಗಿಲ್ಲ. ನೀವ್ ಆಗಲ್ಲ ಅಂದ್ರೆ ನಂಬ್ತಾರೆ. ನಾನ್ ಅಂದ್ರೆ ನಂಬಲ್ಲ."

ಭಾನುವಾರ ಅವನ ಅಮ್ಮ ಗಂಗಲಕ್ಷ್ಮಮ್ಮ ಮಗನೊಡನೆ ಕೋಕಿಲಾ ಅವರ ಮನೆಗೇ ಬಂದರು. ಹಳೆಯ ಸೀರೆಯಲ್ಲಿ ಸುತ್ತಿದ್ದ ಚೌಕಟ್ಟು ಹಾಕಿದ ಫೋಟೊವನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು. ಬಲಗಡೆ ಸಮುದ್ರ, ಎಡಗಡೆ ಮರಳು, ಆಚೆ ನೀರಿಗೆ ಚಾಚಿದ ಬಂಡೆಗಳು. ಮಧ್ಯದಲ್ಲಿ ಎಳೆದಿಟ್ಟ ದೋಣಿಯ ಪಕ್ಕ ಒಬ್ಬ ಗಂಡಸು ಮುಖ ತಿರುಗಿಸಿ ನಿಂತಿದ್ದಾನೆ.

"ಇವ್ನೇ ಕಣಮ್ಮ ನನ್ ತಮ್ಮ, ಮುತ್ತುರಾಜ."

"ಮುಖ ಕಾಣಿಸ್ತಿಲ್ವಲ್ಲಮ್ಮ."

"ಮುಖ ಯಾಕ್ ಬೇಕು? ನಿಂತಿರೋದ್ ನೋಡಿ. ಚಿಕ್ಕವ್ನಿದ್ದಾಗ ಸೀಬೆ ಮರದಿಂದ ಬಿದ್ದು ಸೊಂಟ ಮುರ್ಕೊಂಡಿದ್ದ. ಅವತ್ತಿಂದ ಹಿಂಗೇ ನಿಲ್ಲೋದು, ಒಂದ್ ಕೈ ಬೆನ್ನಿಗ್ ಕೊಟ್ಟು, ಒಂದೇ ಕಾಲ್ಮೇಲೆ. ಕೊಕ್ಕರೆ ಅಂತ ರೇಗಿಸ್ತಿದ್ವಿ."

"ಲಕ್ಷ ಜನ ಹಂಗ್ ನಿಲ್ತಾರಮ್ಮ," ಎಂದ ಕೆಂಪರಾಜ್.

"ನಿಂತ್ಕೊಳ್ಳಿ ಲಕ್ಷ ಜನ. ನಾನ್ ಸೊಂಟದ್ಮೇಲ್ ಹೊತ್ತು ಸಾಕಿರೋನು ಒಬ್ನೇ."

ಮುತ್ತುರಾಜ್ ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ ಇಟ್ಟಿದ್ದವನು. ಎರಡು ವರ್ಷದ ಹಿಂದೆ ಹೆಂಡತಿ ತೀರಿಕೊಂಡಳು. ಅವಳ ಮೇಲೆ ಹಾಕಿದ ಹಾರಗಳನ್ನೆಲ್ಲ ಅವನೇ ಕಟ್ಟಿದ್ದ. ಆಮೇಲೆ ಮಾತು ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಲಿಲ್ಲ, ಮನೆಯಲ್ಲೂ ಇರಲಿಲ್ಲ. ಪೊಲೀಸರಿಗೆ ದೂರು ಕೊಟ್ಟರು, ಆಸ್ಪತ್ರೆಗಳಲ್ಲಿ ನೋಡಿದರು, ತಿರುಪತಿ, ಧರ್ಮಸ್ಥಳ ಸುತ್ತಿದರು. ಈ ಜನವರಿಯಲ್ಲಿ ನೆಂಟರ ವಾಟ್ಸ್ಯಾಪ್ ಗುಂಪಿಗೆ ಯಾರೋ ಕಳುಹಿಸಿದ ಶುಭೋದಯದ ಚಿತ್ರದಲ್ಲಿ ಅಕ್ಕ ತಮ್ಮನನ್ನು ಕಂಡರು. ಕಳುಹಿಸಿದವರಿಗೆ ಅದು ಇನ್ನೊಂದು ಗುಂಪಿನಿಂದ ಬಂದಿತ್ತು, ಆ ಗುಂಪಿಗೆ ಮತ್ತೊಂದರಿಂದ. ತೆಗೆದವರು ಯಾರೆಂದು ಗೊತ್ತಿಲ್ಲ.

ಮೂಲ ಚಿತ್ರ ಬೇಕೆಂದು ಕೋಕಿಲಾ ಕೇಳಿದರು. ಅದು ಸಿಗುವಂತಿರಲಿಲ್ಲ. ಆ ಗುಂಪಿನಲ್ಲಿ ಸಂದೇಶಗಳು ವಾರಕ್ಕೆ ತಾವಾಗಿಯೇ ಅಳಿಸಿಹೋಗುತ್ತಿದ್ದವು. ಕೆಂಪರಾಜ್ ಶಿವಾಜಿನಗರದ ಸ್ಟುಡಿಯೊದಲ್ಲಿ ಚಿತ್ರ ದೊಡ್ಡದು ಮಾಡಿಸಿ, ಫೋನಿನಲ್ಲಿ ಜಾಗವಿಲ್ಲವೆಂದು ತನ್ನದನ್ನೂ ಅಳಿಸಿದ್ದ.

"ಅವ್ರಾಗೇ ಎದ್ದು ಹೋದೋರು," ಎಂದರು ಕೋಕಿಲಾ. "ಸಿಕ್ಕಿದ್ರೆ ಏನ್ಮಾಡ್ತೀರಿ?"

"ಕಿವಿ ಹಿಡ್ದು ಎಳ್ಕೊಂಡ್ ಬತ್ತೀನಿ."

"ಹಾಗಾದ್ರೆ ನಾನ್ ಹುಡುಕಲ್ಲ."

ಗಂಗಲಕ್ಷ್ಮಮ್ಮ ಸೆರಗಿನ ತುದಿಯಿಂದ ಗಾಜು ಒರೆಸಿದರು. ಒರೆಸಲು ಅಲ್ಲಿ ಏನೂ ಇರಲಿಲ್ಲ.

"ಸರಿ ಬಿಡಿ. ಎಳ್ಯಲ್ಲ. ಉಸ್ರಾಡ್ತಾವ್ನೆ ಅಂತ ಕಣ್ಣಾರೆ ನೋಡ್ಕೊಂಡ್ ಬತ್ತೀನಿ. ಅಷ್ಟು ಸಾಕು ನಂಗೆ."

ಅವರು ಹೋದ ಮೇಲೆ ಕೋಕಿಲಾ ದೀಪ ಹತ್ತಿರಕ್ಕೆಳೆದು ಕೂತರು. ಚಿತ್ರದಲ್ಲಿ ಮರಳು ಕೆಂಪಗಿತ್ತು. ನಮ್ಮ ತೀರಗಳಲ್ಲಿ ಮರಳು ಸುಮ್ಮನೆ ಕೆಂಪಾಗುವುದಿಲ್ಲ. ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂ, ಮಣವಾಳಕುರಿಚ್ಚಿಯ ಕಡೆ ಗಾರ್ನೆಟ್ ಎಂಬ ಕೆಂಪು ಖನಿಜದ ಕಾಳು ಮರಳಿನಲ್ಲಿ ಬೆರೆತಿರುತ್ತದೆ. ಬಂಡೆಗಳು ಚಿತ್ರದಲ್ಲಿ ನುಣುಪಾಗಿ, ದುಂಡಗೆ ಕಾಣುತ್ತಿದ್ದವು. ಆ ಕಡೆಯ ಹಳೆಯ ಗಟ್ಟಿ ಶಿಲೆ ಸವೆಯುವುದೂ ಹಾಗೆಯೇ, ಮೂಟೆ ಒಟ್ಟಿದಂತೆ. ದಿಗಂತ ಖಾಲಿ. ಕೆಂಪು ಮರಳು, ದುಂಡು ಬಂಡೆ, ಖಾಲಿ ಕಡಲು. ಮೂರೂ ಒಂದೇ ದಿಕ್ಕಿಗೆ ಕೈ ತೋರಿದವು. ಅವರು ಉಪಗ್ರಹ ಚಿತ್ರದಲ್ಲಿ ತೀರದ ಬಾಗು ಹೋಲಿಸಿ, ಮೀನುಗಾರರ ನಾಲ್ಕು ಊರುಗಳ ಹೆಸರು ಹೇಳಿದರು.

ಕೆಂಪರಾಜ್ ಕ್ಯಾನಿನ ಕೆಲಸವನ್ನು ಗೆಳೆಯನಿಗೆ ಒಪ್ಪಿಸಿ, ಅಮ್ಮನನ್ನು ರೈಲು ಹತ್ತಿಸಿಕೊಂಡು ಹೋದ. ನಾಲ್ಕೂ ಊರಿನಲ್ಲಿ ದೋಣಿಗಳ ನಡುವೆ ಚೌಕಟ್ಟು ಹಿಡಿದು ನಡೆದರು. ಬಂಡೆ ಹೊಂದಲಿಲ್ಲ, ಬಾಗು ಹೊಂದಲಿಲ್ಲ. ಇಂಥವನೊಬ್ಬ ಇಲ್ಲಿಲ್ಲ ಎಂದು ಎಲ್ಲರೂ ಅಂದರು. ಒಬ್ಬಳು ಮುದುಕಿ ಗಂಗಲಕ್ಷ್ಮಮ್ಮನ ತಲೆ ಸವರಿ ತಮಿಳಿನಲ್ಲಿ ಏನೋ ಹೇಳಿದಳು.

ಆದರೆ ಕಾಕ್ಸ್ ಟೌನಿಗೆ ಬಂದಾಗ ಗಂಗಲಕ್ಷ್ಮಮ್ಮನ ಮುಖದಲ್ಲಿ ಸಿಟ್ಟಿರಲಿಲ್ಲ. ಗಂಟು ಹಾಕಿದ ಪ್ಲಾಸ್ಟಿಕ್ ಕವರೊಂದನ್ನು ಮೇಜಿನ ಮೇಲಿಟ್ಟರು.

"ಮಣ್ಣಿನ ಬಣ್ಣ ಬಣ್ಣ ಅಂತಿದ್ರಲ್ಲ, ಅದ್ಕೆ ಒಂದ್ ಹಿಡಿ ತಂದೆ. ನಿಮ್ಗೇನಾದ್ರೂ ತಿಳೀತದಾ ನೋಡಿ."

ಕೋಕಿಲಾ ಬಿಳಿ ಹಾಳೆಯ ಮೇಲೆ ಅದನ್ನು ಸುರಿದು ಬೆರಳಿನಿಂದ ಹರಡಿದರು. ಗಾರ್ನೆಟ್ ಕಾಳು ದಾಳಿಂಬೆಯ ಹಾಗೆ ನೇರಳೆ ಬೆರೆತ ಕೆಂಪು. ನಡುನಡುವೆ ಎಳ್ಳು ಚೆಲ್ಲಿದಂತೆ ಕಪ್ಪು. ಹಾಳೆಯನ್ನು ಫೋಟೊದ ಪಕ್ಕಕ್ಕಿಟ್ಟರು. ಫೋಟೊದ ಮರಳು ಅಂಥ ಕೆಂಪೇ ಅಲ್ಲ. ಅದು ಅರಿಶಿನಕ್ಕೆ ಕುಂಕುಮ ಬಿದ್ದಂಥ ಬಣ್ಣ. ಅವರ ಕಣ್ಣು ಮರಳಿನಿಂದ ಅಲೆಯ ಅಂಚಿಗೆ ಸರಿಯಿತು. ನೊರೆಯೂ ಅದೇ ಬಣ್ಣಕ್ಕೆ ತಿರುಗಿತ್ತು. ದೋಣಿಗೆ ಒರಗಿಸಿದ್ದ ಬಿಳಿ ಥರ್ಮೊಕೋಲ್ ಪೆಟ್ಟಿಗೆಯೂ.

ಅವರು ಕನ್ನಡಕ ತೆಗೆದಿಟ್ಟರು.

"ನೊರೆ ಬೆಳ್ಳಗಿರ್ಬೇಕಮ್ಮ. ಮೊದ್ಲು ನಾನ್ ನೊರೆ ನೋಡ್ಬೇಕಿತ್ತು. ಬಿಳಿ ಇರೋದೇ ಬೆಳ್ಳಗಿಲ್ಲ ಅಂದ್ಮೇಲೆ ಇದ್ರಲ್ಲಿ ಯಾವ ಬಣ್ಣನೂ ನಂಬೋಹಾಗಿಲ್ಲ. ನನ್ ತಪ್ಪು. ನಿಮ್ಮನ್ನ ಅಷ್ಟು ದೂರ ಸುಮ್ನೆ ಅಲೆಸ್ದೆ."

"ಸುಮ್ನೆ ಯಾಕೆ? ಕನ್ಯಾಕುಮಾರಮ್ಮನ್ನ ನೋಡ್ದೆ," ಎಂದರು ಗಂಗಲಕ್ಷ್ಮಮ್ಮ. ಖಾಲಿ ಕವರನ್ನು ಮಡಚುತ್ತಾ ಕೇಳಿದರು: "ಈಗ ಅವ್ನು ಸಿಗಲ್ವಾ?"

ಕೋಕಿಲಾ ಚಪ್ಪಲಿ ಮೆಟ್ಟಿಕೊಂಡರು. "ಕೆಂಪರಾಜ್, ಆ ಸ್ಟುಡಿಯೊ ಎಲ್ಲಿ ತೋರ್ಸು."

ಕಲೀಮುಲ್ಲಾ ಅವರ ಸ್ಟುಡಿಯೊ ರಸೆಲ್ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಮೆಟ್ಟಿಲಿನ ಕೆಳಗೆ. ಗೋಡೆ ತುಂಬ ಮದುಮಕ್ಕಳು, ಎಲ್ಲರೂ ಒಂದೇ ಬಣ್ಣದ ಮುಖದವರು. ಕೋಕಿಲಾ ಚೌಕಟ್ಟನ್ನು ಮುಂದಿಟ್ಟು, ಇದಕ್ಕೆ ಏನೇನು ಮಾಡಿದಿರಿ ಎಂದು ಕೇಳಿದರು.

"ಏನ್ ಮೇಡಂ, ಚೆನ್ನಾಗಿ ಬಂದಿಲ್ವಾ?"

"ತುಂಬಾ ಚೆನ್ನಾಗ್ ಬಂದಿದೆ. ಅದೇ ಕಷ್ಟ ಆಗಿರೋದು."

ಕಲೀಮುಲ್ಲಾ ನಕ್ಕರು. "ನೋಡಿ ಮೇಡಂ, ಯಾರ್ ಬಂದ್ರೂ ನಾವ್ ಫಸ್ಟು ಸ್ವಲ್ಪ ವಾರ್ಮ್ ಮಾಡ್ತೀವಿ, ಕೆಂಪು-ಹಳದಿ ಏರಿಸ್ತೀವಿ. ಇಲ್ದಿದ್ರೆ 'ಏನ್ ಭಾಯ್, ನಮ್ಮಪ್ಪ ಹೆಣ ತರ ಕಾಣ್ತಾವ್ರೆ' ಅಂತ ಜಗಳಕ್ ಬರ್ತಾರೆ. ಆಮೇಲೆ ಸ್ಮೂತ್, ಸುಕ್ಕು-ಗಿಕ್ಕು ಎಲ್ಲ ನುಣ್ಣಗೆ."

"ಮುಖಕ್ಕಾ?"

"ಮುಖ ಎಲ್ಲಿದೆ ಇದ್ರಲ್ಲಿ? ಅದ್ಕೇ ಫುಲ್ ಫೋಟೊಗೇ ಹೊಡ್ದೆ. ಶುಭೋದಯ ಅಂತ ಅಕ್ಷರ ಇತ್ತು, ತೆಗ್ದೆ. ಪಕ್ಕದಲ್ಲೇ ಆಸ್ಮಾನ್ ಕೆಳಗೆ ಒಂದ್ ಕರೀ ದಾಗ್ ಇತ್ತು, ಕಲೆ ತರ, ಅದನ್ನೂ ತೆಗ್ದೆ. ಕ್ಲೀನ್."

"ಎಂಥಾ ದಾಗ್?"

"ಲೆನ್ಸಲ್ಲಿ ಧೂಳೋ ಏನೋ. ಉದ್ದಕ್ಕೆ, ಚಪ್ಪಟೆ."

ಕೋಕಿಲಾ ಸ್ಟೂಲ್ ಎಳೆದುಕೊಂಡು ಕೂತರು. "ಮೂಲದ್ದು ಇಟ್ಟಿದೀರಾ ಕಲೀಮ್ ಸಾಬ್?"

"ಇಡ್ದೆ ಇರ್ತೀವಾ? ಒಂದೊಂದ್ ಮನೇಗೆ ಇರೋದೇ ಒಂದ್ ಫೋಟೊ. ಗಾಜು ಒಡೀತದೆ, ಮತ್ತೆ ಬರ್ತಾರೆ." ಅವರು ಕಂಪ್ಯೂಟರಿನಲ್ಲಿ ಹುಡುಕಿ ಚಿತ್ರ ತೆರೆದರು.

ತೆರೆಯ ಮೇಲೆ ಬೇರೆಯೇ ಕಡಲು ಬಂತು. ಮರಳು ಕೆಂಪಲ್ಲ, ಬೂದಿ ಬೆರೆತ ತಿಳಿ ಕಂದು. ನೊರೆ ಅಚ್ಚ ಬಿಳಿ. ಬಂಡೆಗಳು ದುಂಡಗೂ ಇಲ್ಲ, ನುಣುಪಾಗಿಯೂ ಇಲ್ಲ. ಗೆದ್ದಲು ತಿಂದ ಮರದಂತೆ ತೂತುತೂತಾದ ಕಪ್ಪು ಬಂಡೆ, ತಲೆ ಮಾತ್ರ ಚಪ್ಪಟೆ. ಜಂಬಿಟ್ಟಿಗೆ, ಕರಾವಳಿಯಲ್ಲಿ ಮನೆ ಕಟ್ಟುವ ಚಿರೆಕಲ್ಲು. ಶುಭೋದಯದ 'ಯ' ಅಕ್ಷರದ ಕೆಳಗೆ, ಬಂಡೆಯ ಬಲಕ್ಕೆ, ಕಲೀಮುಲ್ಲಾ ಧೂಳೆಂದು ಒರೆಸಿದ್ದ ಕಪ್ಪು ಗೆರೆ ಹಾಗೆಯೇ ಇತ್ತು. ಕೋಕಿಲಾ ಅದನ್ನು ಹಿಗ್ಗಿಸಿ ನೋಡಿದರು. ಅಂಚು ಚೂಪಾಗಿತ್ತು. ಧೂಳಿಗೆ ಅಂಥ ಅಂಚು ಇರುವುದಿಲ್ಲ.

"ಇದು ದ್ವೀಪ," ಎಂದರು.

"ಯಾ ಅಲ್ಲಾ," ಎಂದರು ಕಲೀಮುಲ್ಲಾ. "ನಾನ್ ದ್ವೀಪನೇ ತೆಗ್ದುಬಿಟ್ನಾ?" ಮೂಲ ಚಿತ್ರವನ್ನು ಕೆಂಪರಾಜನ ಫೋನಿಗೆ ಕಳುಹಿಸಿದರು. ಇನ್ನೊಂದು ಪ್ರತಿಯನ್ನು ಏನೂ ಮುಟ್ಟದೆ ಅಚ್ಚು ಹಾಕಿಕೊಟ್ಟು, ದುಡ್ಡು ಬೇಡವೆಂದರು.

ಆ ಸಂಜೆ ಕೆಲಸ ಬೇಗ ಬೇಗ ಸಾಗಿತು. ತಾಯಿ, ಮಗ ಇಬ್ಬರೂ ಮೇಜಿನ ಆಚೆ ಕೂತಿದ್ದರು. ಕೋಕಿಲಾ ಹೇಳುತ್ತಾ ಹೋದರು. ಜಂಬಿಟ್ಟಿಗೆ ಹೀಗೆ ಸಮುದ್ರದವರೆಗೂ ಇಳಿದುಬರುವುದು ಪಶ್ಚಿಮ ಕರಾವಳಿಯಲ್ಲಿ, ಕೊಂಕಣದಿಂದ ಕೇರಳದವರೆಗೆ. ಅಷ್ಟೇ ಆಗಿದ್ದರೆ ಹುಡುಕಲು ಒಂದು ಜನ್ಮ ಸಾಲದು. ಆದರೆ ದಡದಿಂದ ಇಷ್ಟು ದೊಡ್ಡದಾಗಿ ಕಾಣುವ ದ್ವೀಪಗಳು ಕೆಲವೇ. ಮಲ್ಪೆಯೆದುರಿನವು ನೀರಿಗಂಟಿಕೊಂಡಷ್ಟು ತಗ್ಗು. ಮುರುಡೇಶ್ವರದ ಹೊರಗಿನ ನೇತ್ರಾಣಿ ಬೆಟ್ಟದಂತೆ ಉಬ್ಬಿದೆ, ದೂರವೂ ಹೌದು. ಕತ್ತಿಯಲ್ಲಿ ತಲೆ ಸವರಿದಂತೆ ಚಪ್ಪಟೆಯಾಗಿರುವುದು ಹೊನ್ನಾವರದೆದುರಿನ ಬಸವರಾಜದುರ್ಗ.

"ಈಗ ಸಮುದ್ರ ಯಾವ್ ಕೈಗಿದೆ ಹೇಳಿ."

"ಬಲಗೈಗೆ," ಎಂದರು ಗಂಗಲಕ್ಷ್ಮಮ್ಮ.

"ಪಶ್ಚಿಮಕ್ಕೆ ಸಮುದ್ರ. ಅದು ಬಲಗೈಗೆ ಬರ್ಬೇಕಾದ್ರೆ ಫೋಟೊ ತೆಗೆದೋರು ದಕ್ಷಿಣಕ್ಕೆ ಮುಖ ಮಾಡಿದಾರೆ. ದುರ್ಗ ಅವ್ರ ಮುಂದಿದೆ. ಅಂದ್ರೆ ಅವ್ರು ನಿಂತಿರೋದು ದುರ್ಗದ ಉತ್ತರಕ್ಕೆ."

ಉತ್ತರಕ್ಕೆ ಧಾರೇಶ್ವರ, ಅದರಾಚೆ ಕುಮಟಾ. ಸುಮಾರು ಹನ್ನೆರಡು ಕಿಲೋಮೀಟರ್ ತೀರ. ಉಪಗ್ರಹ ಚಿತ್ರದಲ್ಲಿ ಅದರ ಬಹುಪಾಲು ನೇರ ಮರಳು. ಬಂಡೆ ಮೂಗು ಚಾಚಿ ದಡ ಒಳಕ್ಕೆ ಬಾಗಿದ ಜಾಗಗಳು ಬೆರಳೆಣಿಕೆಯಷ್ಟು.

"ಮತ್ತೆ ತಪ್ಪಾದ್ರೆ ಮೇಡಂ?" ಕೆಂಪರಾಜ್ ಮೆಲ್ಲಗೆ ಕೇಳಿದ. "ಅಮ್ಮನ್ ಕೈಲಿ ಇನ್ನೊಂದ್ಸಲ ಆಗಲ್ಲ."

"ಅದ್ಕೇ ಈ ಸಲ ನಾನೂ ಬರ್ತೀನಿ. ತಪ್ಪಾದ್ರೆ ನನ್ ಮುಖಕ್ಕೇ ಉಗೀಲಿ."

"ಉಗ್ಯೋದೇನ್ ಬಂತು," ಎಂದರು ಗಂಗಲಕ್ಷ್ಮಮ್ಮ. "ದಾರಿಗೆ ಚಿತ್ರಾನ್ನ ಮಾಡ್ಕೊಂಡ್ ಬತ್ತೀನಿ. ಹುಳಿ ಜಾಸ್ತಿ ತಿಂತೀರಾ?"

ಧಾರೇಶ್ವರದಲ್ಲಿ ಬಾಡಿಗೆ ಕಾರು ನಿಲ್ಲಿಸಿ ಮೂವರೂ ಉತ್ತರಕ್ಕೆ ನಡೆದರು. ಬೆಳಗಿನ ಬಿಸಿಲು ಇನ್ನೂ ಎಳೆಯದು. ತಿರುಗಿ ನೋಡಿದರೆ ದುರ್ಗ ನೀರಿನ ಮೇಲೆ ಮಣೆ ಇಟ್ಟಂತೆ ಕಾಣುತ್ತಿತ್ತು. ಕಾಲಡಿಯ ಮರಳು ತಿಳಿ ಕಂದು, ಒದ್ದೆಯಾದಲ್ಲಿ ಬೂದಿ. ಕೋಕಿಲಾ ಮರಳಿಗೆ ಹೆಚ್ಚು ಬೆಲೆ ಕೊಡಲಿಲ್ಲ. ಮಳೆಗಾಲ ಅದನ್ನು ಹೊತ್ತೊಯ್ಯುತ್ತದೆ, ಬೇಸಿಗೆ ಮರಳಿಸುತ್ತದೆ. ಬಂಡೆ ಮಾತ್ರ ಇದ್ದಲ್ಲೇ ಇರುತ್ತದೆ.

ಮೊದಲ ಬಂಡೆಮೂಗು ಫೋಟೊದ್ದಲ್ಲ, ತೀರಾ ಗಿಡ್ಡ. ಎರಡನೆಯದು, ದಾಟಿ ಹೋಗಿ ತಿರುಗಿ ನೋಡಿದಾಗ, ಹೋಲುತ್ತಿತ್ತು. ಆದರೆ ನೀರು ಏರಿದ್ದರಿಂದ ಬುಡ ಮುಳುಗಿತ್ತು. ಫೋಟೊದಲ್ಲಿ ಬಂಡೆಯ ನಡುವೆ ಸಿಂಪಿಚಿಪ್ಪು ಅಂಟಿದ ಬೆಳ್ಳನೆಯ ಪಟ್ಟಿಯೊಂದಿತ್ತು. ನೀರು ಏರುವುದು ಅಲ್ಲಿಯವರೆಗೆ. ಕೋಕಿಲಾ ಆ ಪಟ್ಟಿಗಿಂತ ಮೇಲಿನ ಭಾಗವನ್ನಷ್ಟೇ ಹೋಲಿಸಿದರು. ಎರಡು ಗೂನು, ಒಂದು ಸೀಳು, ಸೀಳಿನ ಬಲಕ್ಕೆ ಚಪ್ಪಟೆ ತಲೆ. ಹೊಂದಿತು.

"ಇಲ್ಲೇನಾ?" ಗಂಗಲಕ್ಷ್ಮಮ್ಮ ಕೇಳಿದರು.

"ಬಂಡೆ ಇದೇ. ನಿಂತ ಜಾಗ ಇನ್ನೂ ಇದಲ್ಲ. ದುರ್ಗ ನೋಡಿ."

ದುರ್ಗ ಬಂಡೆಯ ಎಡಕ್ಕೆ, ದಡದ ಕಡೆಗೆ ಕಾಣುತ್ತಿತ್ತು. ಫೋಟೊದಲ್ಲಿ ಅದು ಬಲಕ್ಕಿತ್ತು, ಅರ್ಧ ಮಾತ್ರ, ಇನ್ನರ್ಧ ಬಂಡೆಯ ಹಿಂದೆ. ಮೂವರೂ ಉತ್ತರಕ್ಕೆ ನಡೆಯುತ್ತಾ ಆಗಾಗ ತಿರುಗಿ ನೋಡಿದರು. ಮೊದಲು ದುರ್ಗ ಬಂಡೆಯ ಹಿಂದಕ್ಕೆ ಸರಿದು ಮರೆಯಾಯಿತು. ಗಂಗಲಕ್ಷ್ಮಮ್ಮ ಗಾಬರಿಯಾದರು. ನಡೀರಿ ಎಂದರು ಕೋಕಿಲಾ. ಇನ್ನಷ್ಟು ನಡೆದ ಮೇಲೆ ಬಂಡೆಯ ಬಲಗಡೆ, ಕಡಲಿನ ಕಡೆಯಿಂದ, ಅದರ ಅಂಚು ಇಣುಕಿತು. ಸ್ವಲ್ಪ ಸ್ವಲ್ಪವೇ ಹೊರಬಂದು ಅರ್ಧಕ್ಕೆ ಬಂದಾಗ ಕೋಕಿಲಾ ಕೈ ಎತ್ತಿದರು.

"ಇಲ್ಲಿ ನಿಂತು ತೆಗ್ದಿರೋದು."

ಫೋಟೊದಲ್ಲಿ ದೋಣಿ ಇದ್ದ ಕಡೆ ಈಗ ದೋಣಿಯಿರಲಿಲ್ಲ. ದಡದ ಮೇಲೆ ತೆಂಗಿನ ಗರಿಯ ಎರಡು ಚಪ್ಪರ, ಮೀನು ಒಣಹಾಕುತ್ತಿದ್ದ ಒಬ್ಬ ಹೆಂಗಸು. ಕೆಂಪರಾಜ್ ಓಡಿಹೋಗಿ ಫೋಟೊ ತೋರಿಸಿದ. ಆಕೆ ಕೈ ಒರೆಸಿಕೊಂಡು ನೋಡಿದರು.

"ಇಂವ ನಮ್ಮ ಬೆಂಗ್ಳೂರಣ್ಣ ಅಲ್ವಾ? ಮಾತಾಡೋದು ಕಮ್ಮಿ, ಬಲೆ ಗಂಟು ಹಾಕೋದು ಮಾತ್ರ ಚೊಲೋ. ಆಚೆ ಚಪ್ಪರದ ಹಿಂದೆ ಕೂತಿದ್ದಾನೆ ನೋಡಿ. ಎಂತ, ನೀವು ಅಂವನ ಮನೆಯವ್ರಾ?"

ಕೆಂಪರಾಜ್ ಅತ್ತ ಹೊರಟ. ಅಮ್ಮ ಅವನ ಅಂಗಿ ಹಿಡಿದು ನಿಲ್ಲಿಸಿದರು. ಚಪ್ಪಲಿ ಅಲ್ಲೇ ಬಿಟ್ಟು ಒಬ್ಬರೇ ಹೋದರು. ಉಳಿದಿಬ್ಬರೂ ಚಪ್ಪರದ ಕಂಬದ ಬಳಿ ನಿಂತರು.

ಮುತ್ತುರಾಜ್ ಕಾಲು ಚಾಚಿ ಕೂತು, ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಗಂಟು ಬಿಗಿಯುತ್ತಿದ್ದ. ಗಡ್ಡ ಬೆಳೆದಿತ್ತು, ಮೈ ಕಪ್ಪಾಗಿ ಒಣಗಿತ್ತು. ನೆರಳು ಬಿದ್ದಾಗ ತಲೆ ಎತ್ತಿದ. ಕೈ ನಿಂತಿತು. ಗಂಗಲಕ್ಷ್ಮಮ್ಮ ಅಳಲಿಲ್ಲ, ಬೈಯಲೂ ಇಲ್ಲ.

"ತಿಂಡಿ ತಿಂದ್ಯಾ?" ಎಂದು ಕೇಳಿದರು.

ಅವನು ಬಲೆಯಿಂದ ಹೆಬ್ಬೆರಳು ಬಿಡಿಸಿಕೊಂಡ. ಆಮೇಲೆ ಮಡಿಲಿನ ಬಲೆಯನ್ನು ಒಂದು ಪಕ್ಕಕ್ಕೆ ಸರಿಸಿ ಚಾಪೆಯಲ್ಲಿ ಜಾಗ ಮಾಡಿದ.

"ಬಿಸ್ಲಲ್ಲಿ ನಿಂತಿದೀಯಲ್ಲಕ್ಕ," ಎಂದ. "ಈ ಕಡೆ ಬಾ."

ಅಕ್ಕ ಅವನ ಪಕ್ಕ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಅವನು ತಿಂದ. ಮಧ್ಯಾಹ್ನದವರೆಗೆ ಇಬ್ಬರೂ ಅಲ್ಲೇ ಕೂತಿದ್ದರು. ಮನೆಗೆ ಬಾ ಎಂಬ ಮಾತು ಅಕ್ಕನ ಬಾಯಿಂದ ಬರಲಿಲ್ಲ. ಒಮ್ಮೆ ಮಾತ್ರ ಅವನು ತಾನಾಗಿಯೇ, ಅಂಗಡಿ ಯಾರು ನೋಡ್ಕೋತಾವ್ರೆ ಎಂದು ಕೇಳಿದ. ಮುಚ್ಚೈತೆ ಎಂದರು ಅಕ್ಕ. ಅವನು ತಲೆದೂಗಿ ಮತ್ತೆ ಗಂಟು ಹಾಕತೊಡಗಿದ.

ಹೊತ್ತು ಇಳಿಯುವಾಗ ಕೆಂಪರಾಜ್ ಬಂದು ನಿಂತ. "ಅಮ್ಮ, ಹೊರಡೋಣ್ವಾ? ಮೇಡಂ ಊರಿಗ್ ಹೋಗ್ಬೇಕು."

"ನೀವಿಬ್ರೂ ಹೋಗಿ," ಎಂದರು ಗಂಗಲಕ್ಷ್ಮಮ್ಮ. ಬಲೆಯ ಇನ್ನೊಂದು ತುದಿ ಅವರ ಕೈಯಲ್ಲಿತ್ತು, ತಮ್ಮನಿಗೆ ಗಂಟು ಹಾಕಲು ಅನುವಾಗುವಂತೆ ಬಿಗಿಹಿಡಿದಿದ್ದರು. "ಆ ಮೀನಿನಮ್ಮ ಮಲ್ಗೋಕೆ ಜಾಗ ಕೊಡ್ತೀನಿ ಅಂದವ್ಳೆ. ನಾಕ್ ದಿನ ಇದ್ದು ಬತ್ತೀನಿ."

"ಬರೋದು ಮಾವನ ಜೊತೇಲಾ?"

"ಅದು ಅವ್ನಿಗ್ ಬಿಟ್ಟಿದ್ದು. ನೀನ್ ಕಾರ್ ತೆಗಿ."

ಮುತ್ತುರಾಜ್ ತಲೆ ಎತ್ತಲಿಲ್ಲ. ಆದರೆ ಅಕ್ಕ ಹಿಡಿದಿದ್ದ ತುದಿಯನ್ನು ಮೆಲ್ಲಗೆ ಜಗ್ಗಿ, ಇನ್ನೂ ಸ್ವಲ್ಪ ಮೇಲೆ ಹಿಡಿ ಎಂದು ಕೈಸನ್ನೆಯಲ್ಲಿ ತೋರಿಸಿದ. ಅವರು ಮೇಲೆ ಹಿಡಿದರು.